ನಲ್ ಗುರುತಿಲ್ಲದ ಪ್ರೀಆರ್ಡರ್ ಸಾಲಿನಿಂದ ಸರ್ಚ್ ಟ್ರೀ ಮತ್ತೆ ಕಟ್ಟೋಕೆ ಯಾವ ದಾರಿ ಹಿಡಿಯಬೇಕು?

ಬೈನರಿ ಸರ್ಚ್ ಟ್ರೀಯನ್ನು ಫೈಲಿಗೆ ಬರೆದಿಟ್ಟು, ಬೇಕಾದಾಗ ಅದೇ ಆಕಾರದಲ್ಲಿ ವಾಪಸ್ ಕಟ್ಟಬೇಕು. ಪ್ರೀಆರ್ಡರ್‌ನಲ್ಲಿ ಬರೆದರೆ ಸಾಕು, ನಲ್ ಗುರುತು ಬೇಡ ಅಂತ ಎಲ್ಲರಿಗೂ ಗೊತ್ತು. ಬರೆಯುವುದೇನೋ ಸುಲಭ. ವಾಪಸ್ ಕಟ್ಟುವಾಗ ಮಾತ್ರ ದಾರಿಗಳು ಕವಲೊಡೆಯುತ್ತವೆ. ಒಂದೊಂದೇ ಸಂಖ್ಯೆಯನ್ನು ಇನ್ಸರ್ಟ್ ಮಾಡುತ್ತಾ ಹೋಗಬಹುದು, ಸಾಲನ್ನು ಎಡ-ಬಲ ಅಂತ ಒಡೆಯಬಹುದು, ಮಿತಿ ಹಿಡಿದು ರಿಕರ್ಷನ್ ಮಾಡಬಹುದು, ಸ್ಟ್ಯಾಕ್ ಇಟ್ಟುಕೊಂಡು ಲೂಪಿನಲ್ಲೇ ಮುಗಿಸಬಹುದು. ಇನ್‌ಪುಟ್ ಸರಿಯಾಗಿದ್ದರೆ ಎಲ್ಲದರಿಂದಲೂ ಒಂದೇ ಟ್ರೀ ಸಿಗುತ್ತದೆ. ಹಾಗಾಗಿ ಯಾವುದಾದರೇನು ಅನಿಸಬಹುದು. ಆದರೆ ಟ್ರೀ ಒಂದೇ ಕಡೆ ವಾಲಿದ್ದಾಗ ಅಥವಾ ಫೈಲ್ ಕೆಟ್ಟಿದ್ದಾಗ ಇವು ನಡೆದುಕೊಳ್ಳುವ ರೀತಿ ತುಂಬಾ ಬೇರೆ.

ಉದ್ದಕ್ಕೂ ಒಂದೇ ಉದಾಹರಣೆ ಇಟ್ಟುಕೊಳ್ಳೋಣ:

```
40 25 10 32 28 60 75
```

ಇಲ್ಲಿ 40 ರೂಟ್. ಅದರ ಎಡಕ್ಕೆ 25, ಬಲಕ್ಕೆ 60. 25ರ ಎಡಕ್ಕೆ 10, ಬಲಕ್ಕೆ 32. 32ರ ಎಡಕ್ಕೆ 28. 60ರ ಬಲಕ್ಕೆ 75. ನಲ್ ಎಲ್ಲಿದೆ ಅಂತ ಬರೆಯದಿದ್ದರೂ ಇದು ಗೊತ್ತಾಗುವುದು ಹೇಗೆ? 40 ಆದಮೇಲೆ ಬರುವ 25, 10, 32, 28 ಎಲ್ಲವೂ 40ಕ್ಕಿಂತ ಚಿಕ್ಕವು. 60 ಬಂದ ಕೂಡಲೇ ಎಡಭಾಗ ಮುಗಿಯಿತು ಅಂತ ತಿಳಿಯುತ್ತದೆ. ಅಂದರೆ ನಲ್ ಗುರುತು ಮಾಡುತ್ತಿದ್ದ ಕೆಲಸವನ್ನು ಇಲ್ಲಿ ಚಿಕ್ಕದು-ದೊಡ್ಡದು ಅನ್ನುವ ಹೋಲಿಕೆಯೇ ಮಾಡುತ್ತಿದೆ. ಮುಂದೆ ಬರುವ ಅನುಕೂಲ, ತೊಂದರೆ ಎರಡೂ ಹುಟ್ಟುವುದು ಇಲ್ಲಿಂದಲೇ.

ಮೊದಲು ಏನನ್ನು ನೋಡಬೇಕು

ದಾರಿ ಆರಿಸುವ ಮೊದಲು ನಿಮ್ಮ ಟ್ರೀ ಬಗ್ಗೆ ನಾಲ್ಕು ವಿಷಯ ಗೊತ್ತಿರಬೇಕು.

ಒಂದು, ಅದೇ ಆಕಾರ ನಿಜವಾಗಿಯೂ ಬೇಕಾ? ಕೀಗಳಷ್ಟೇ ಸಾಕು, ಆಕಾರ ಹೇಗಿದ್ದರೂ ನಡೆಯುತ್ತದೆ ಅಂದರೆ ಪ್ರೀಆರ್ಡರ್ ತಂಟೆಗೇ ಹೋಗಬೇಡಿ. ಕೀಗಳನ್ನು ಏರುಕ್ರಮದಲ್ಲಿ ಬರೆದಿಡಿ, ಓದುವಾಗ ನಡುವಿನದನ್ನು ರೂಟ್ ಮಾಡುತ್ತಾ ಹೋಗಿ. ಒಂದೇ ಸುತ್ತಿನಲ್ಲಿ ಸಮತೂಕದ ಟ್ರೀ ಸಿಗುತ್ತದೆ. ಎಷ್ಟೋ ಜನ ಈ ಪ್ರಶ್ನೆಯನ್ನೇ ಕೇಳಿಕೊಳ್ಳುವುದಿಲ್ಲ.

ಎರಡು, ಟ್ರೀ ಎಷ್ಟು ಆಳಕ್ಕೆ ಹೋಗಬಹುದು? ಸಮತೂಕದ್ದಾದರೆ ಹತ್ತು ಲಕ್ಷ ನೋಡ್ ಇದ್ದರೂ ಆಳ ಸುಮಾರು 20. ಸಮತೂಕ ಕಾಯದ ಸಾದಾ ಟ್ರೀಗೆ ಕೀಗಳು ಏರುಕ್ರಮದಲ್ಲಿ ಬಂದಿದ್ದರೆ, ನೋಡ್ ಎಷ್ಟಿವೆಯೋ ಆಳವೂ ಅಷ್ಟೇ.

ಮೂರು, ಸಾಲು ಎಲ್ಲಿಂದ ಬರುತ್ತದೆ? ನೀವೇ ಬರೆದು ನೀವೇ ಓದುವುದಾ, ಇಲ್ಲಾ ನೆಟ್‌ವರ್ಕ್ ಮೂಲಕ, ಬೇರೆಯವರ ಪ್ರೋಗ್ರಾಮಿನಿಂದ ಬರುವುದಾ?

ನಾಲ್ಕು, ಒಂದೇ ಕೀ ಎರಡು ಸಲ ಬರಬಹುದಾ?

ವೇಗ ಈ ಪಟ್ಟಿಯಲ್ಲಿ ಬೇರೆಯಾಗಿ ಇಲ್ಲ, ಯಾಕೆಂದರೆ ಅದು ಎರಡನೇ ಪ್ರಶ್ನೆಯೊಳಗೇ ಇದೆ.

ನಲ್ ಗುರುತು ಬಿಟ್ಟರೆ ಏನು ಹೋಗುತ್ತದೆ

n ನೋಡ್ ಇರುವ ಟ್ರೀಯಲ್ಲಿ n+1 ನಲ್ ಇರುತ್ತವೆ. ನಮ್ಮ ಏಳು ನೋಡಿನ ಟ್ರೀಗೆ ಎಂಟು. ಒಂದೊಂದಕ್ಕೂ `#` ಮತ್ತು ಅಲ್ಪವಿರಾಮ ಸೇರಿ ಎರಡು ಬೈಟ್ ಅಂದುಕೊಂಡರೆ, ಹತ್ತು ಲಕ್ಷ ನೋಡಿಗೆ ಸುಮಾರು 2 ಎಂಬಿ ಬರೀ ಗುರುತಿಗೇ ಹೋಗುತ್ತದೆ. ಗುರುತು ಬಿಟ್ಟರೆ ಅಷ್ಟೂ ಉಳಿಯಿತು.

ಆದರೆ ಒಂದು ವಿಷಯವನ್ನು ಜಾಸ್ತಿ ಜನ ಗಮನಿಸುವುದಿಲ್ಲ. ನಮ್ಮ ಸಾಲು ಅರ್ಧಕ್ಕೇ ತುಂಡಾಯಿತು ಅಂದುಕೊಳ್ಳಿ, `40 25 10 32` ಇಷ್ಟೇ ಬಂತು. ಇದೂ ಸರಿಯಾದ ಪ್ರೀಆರ್ಡರ್ ಸಾಲೇ! ನಾಲ್ಕು ನೋಡಿನ ಟ್ರೀ ಯಾವ ತಕರಾರೂ ಇಲ್ಲದೆ ಕಟ್ಟಿಕೊಳ್ಳುತ್ತದೆ. ಇದು ಈ ಸಾಲಿನಲ್ಲಿ ಆಕಸ್ಮಿಕವಾಗಿ ಆದದ್ದಲ್ಲ. ಸರ್ಚ್ ಟ್ರೀಯ ಪ್ರೀಆರ್ಡರ್ ಸಾಲನ್ನು ಎಲ್ಲಿ ಕತ್ತರಿಸಿದರೂ ಮೊದಲ ತುಂಡು ಇನ್ನೊಂದು ಸರ್ಚ್ ಟ್ರೀಯ ಪ್ರೀಆರ್ಡರ್ ಆಗಿಯೇ ಇರುತ್ತದೆ. ನಲ್ ಗುರುತು ಇರುವ ಸಾಲಿನಲ್ಲಿ ಹೀಗಾಗುವುದಿಲ್ಲ. ಅದನ್ನು ಎಲ್ಲಿ ಕತ್ತರಿಸಿದರೂ ಯಾವುದೋ ಒಂದು ಮಗುವಿನ ಜಾಗ ಖಾಲಿ ಬಿದ್ದಿರುತ್ತದೆ, ಓದುವವನಿಗೆ ಕೂಡಲೇ ಗೊತ್ತಾಗುತ್ತದೆ.

ಇದಕ್ಕೆ ಪರಿಹಾರ ಅಗ್ಗದ್ದು. ಸಾಲಿನ ಮುಂದೆ ನೋಡ್‌ಗಳ ಲೆಕ್ಕ ಬರೆದುಬಿಡಿ: `7 40 25 10 32 28 60 75`. ಒಂದೇ ಫೈಲಿನಲ್ಲಿ ಎರಡು ಟ್ರೀ ಒಂದರ ಹಿಂದೆ ಒಂದು ಬಂದರೂ ಮೊದಲನೆಯದು ಎಲ್ಲಿ ಮುಗಿಯಿತು ಅಂತ ಈ ಲೆಕ್ಕವೇ ಹೇಳುತ್ತದೆ. ನಲ್ ಗುರುತಿಲ್ಲದ ಯಾವ ದಾರಿ ಹಿಡಿದರೂ ಈ ಲೆಕ್ಕವನ್ನು ಬಿಡಬೇಡಿ.

ಇನ್ನೊಂದು ನಷ್ಟವೂ ಇದೆ. ನಲ್ ಗುರುತಿದ್ದರೆ ಓದುವವನು ಯಾವ ಕೀಯನ್ನೂ ಇನ್ನೊಂದಕ್ಕೆ ಹೋಲಿಸಬೇಕಿಲ್ಲ. ಗುರುತಿಲ್ಲದಿದ್ದರೆ ಹೋಲಿಕೆಯ ನಿಯಮವೂ ಫಾರ್ಮ್ಯಾಟಿನ ಭಾಗವಾಗುತ್ತದೆ. ಫೈಲಿನಿಂದ ಓದಿದ ಸಂಖ್ಯೆಗಳನ್ನು `int` ಮಾಡಲು ಮರೆತು ಸ್ಟ್ರಿಂಗ್ ಆಗಿಯೇ ಹೋಲಿಸಿದರೆ `"100"` ಅನ್ನುವುದು `"25"`ಕ್ಕಿಂತ ಚಿಕ್ಕದಾಗುತ್ತದೆ. ಆಗ ಟ್ರೀ ಬೇರೆಯದೇ ಆಕಾರ ತಾಳುತ್ತದೆ. ಎರಡಂಕಿಯ ಸಂಖ್ಯೆಗಳಲ್ಲಷ್ಟೇ ಪರೀಕ್ಷೆ ಮಾಡಿದವರಿಗೆ ಈ ತಪ್ಪು ಕಾಣುವುದೇ ಇಲ್ಲ. ಕೀಗಳು ಪದಗಳಾಗಿದ್ದರೆ ಇನ್ನೂ ಕಷ್ಟ. ಬರೆಯುವ ಕಡೆ ದೊಡ್ಡಕ್ಷರ-ಸಣ್ಣಕ್ಷರ ಭೇದ ಇದ್ದು, ಓದುವ ಕಡೆ ಇಲ್ಲದಿದ್ದರೆ ಆಕಾರ ಕೆಡುತ್ತದೆ. ಎರಡೂ ಕಡೆ ಒಂದೇ ನಿಯಮ ಇರುತ್ತದೆ ಅಂತ ಖಾತ್ರಿ ಕೊಡಲು ಆಗದಿದ್ದರೆ ನಲ್ ಗುರುತನ್ನೇ ಇಟ್ಟುಕೊಳ್ಳಿ ಅನ್ನುತ್ತೇನೆ. ಜಾಗದ ಚಿಂತೆ ಇದ್ದರೆ ಅದನ್ನು ಒಂದೊಂದು ಬಿಟ್‌ನಲ್ಲಿ ಬರೆಯಬಹುದು. ನೋಡ್ ಇದ್ದರೆ 1, ನಲ್ ಆದರೆ 0, ಒಟ್ಟು 2n+1 ಬಿಟ್. ಹತ್ತು ಲಕ್ಷ ನೋಡಿಗೆ ಸುಮಾರು 250 ಕೆಬಿ ಅಷ್ಟೇ.

ಒಂದೊಂದಾಗಿ ಇನ್ಸರ್ಟ್ ಮಾಡುವುದು

ಖಾಲಿ ಟ್ರೀ ಇಟ್ಟುಕೊಂಡು ಸಾಲಿನಲ್ಲಿ ಬಂದ ಕ್ರಮದಲ್ಲೇ ಇನ್ಸರ್ಟ್ ಮಾಡುತ್ತಾ ಹೋದರೆ ಮೊದಲಿನ ಆಕಾರವೇ ಬರುತ್ತದೆ. ಪ್ರೀಆರ್ಡರ್‌ನಲ್ಲಿ ತಾಯಿ ನೋಡ್ ಯಾವಾಗಲೂ ಮಕ್ಕಳಿಗಿಂತ ಮೊದಲು ಬರುವುದರಿಂದ ಹೀಗಾಗುತ್ತದೆ. ಹೊಸ ಕೋಡ್ ಬೇಡ, ಇರುವ ಇನ್ಸರ್ಟ್ ಫಂಕ್ಷನ್ನೇ ಸಾಕು. ಒಂದು ಷರತ್ತು: ಅದು ಟ್ರೀಯನ್ನು ತಿರುಗಿಸಿ ಸಮತೂಕ ಮಾಡುವಂಥದ್ದಾಗಿರಬಾರದು. ಎವಿಎಲ್ ಟ್ರೀಯ ಇನ್ಸರ್ಟ್ ಬಳಸಿದರೆ ನಡುವೆ ರೊಟೇಷನ್ ಆಗಿ ಆಕಾರ ಬದಲಾಗಬಹುದು.

ಖರ್ಚು ಎಷ್ಟು? ಪ್ರತಿ ನೋಡೂ ರೂಟಿನಿಂದ ತನ್ನ ಜಾಗದವರೆಗೆ ಇಳಿಯಬೇಕು. ಸಮತೂಕದ ಹತ್ತು ಲಕ್ಷ ನೋಡಿಗೆ ಹೆಚ್ಚೆಂದರೆ ಎರಡು ಕೋಟಿ ಹೋಲಿಕೆ, ತೊಂದರೆಯಿಲ್ಲ. ಅದೇ ಒಂದು ಲಕ್ಷ ನೋಡಿನ ಸರಪಳಿಯಂಥ ಟ್ರೀಗೆ n(n−1)/2 ಲೆಕ್ಕದಲ್ಲಿ ಸುಮಾರು 500 ಕೋಟಿ ಹೋಲಿಕೆ ಬೇಕು. ನೋಡ್ ಹತ್ತನೇ ಒಂದು ಭಾಗ, ಕೆಲಸ 250 ಪಟ್ಟು! ಪ್ರೀಆರ್ಡರ್‌ನಿಂದ ಸರ್ಚ್ ಟ್ರೀ ಕಟ್ಟುವುದನ್ನೇ ಕೇಳುವ ಲೀಟ್‌ಕೋಡಿನ 1008ನೇ ಪ್ರಶ್ನೆಯಲ್ಲಿ ನೋಡ್ 100ಕ್ಕಿಂತ ಜಾಸ್ತಿ ಇರುವುದಿಲ್ಲ, ಹಾಗಾಗಿ ಅಲ್ಲಿ ಇದು ಆರಾಮಾಗಿ ಪಾಸಾಗುತ್ತದೆ. ಅದನ್ನೇ ನಂಬಿ ಬೇರೆ ಕಡೆ ಹಾಕಿದರೆ ಕಷ್ಟ.

ಇದರ ಇನ್ನೊಂದು ಗುಣವನ್ನು ಒಳ್ಳೆಯದು ಅನ್ನಬೇಕೋ ಕೆಟ್ಟದ್ದು ಅನ್ನಬೇಕೋ ನೀವೇ ನೋಡಿ. ಇದು ಯಾವ ಸಾಲನ್ನೂ ಬೇಡ ಅನ್ನುವುದಿಲ್ಲ. `2 3 1` ಯಾವ ಸರ್ಚ್ ಟ್ರೀಯ ಪ್ರೀಆರ್ಡರೂ ಅಲ್ಲ. 3 ಬಂತು ಅಂದರೆ 2ರ ಎಡಭಾಗ ಮುಗಿದಿದೆ, ಆಮೇಲೆ 1 ಬರುವಂತಿಲ್ಲ. ಆದರೂ ಇನ್ಸರ್ಟ್ ಮಾಡಿದರೆ ನೀಟಾದ ಟ್ರೀ ಬರುತ್ತದೆ. ಅದನ್ನು ತಿರುಗಿ ಬರೆದರೆ `2 1 3` ಬರುತ್ತದೆ, ಆಗಷ್ಟೇ ಸಾಲು ಕೆಟ್ಟಿತ್ತು ಅಂತ ಗೊತ್ತಾಗುವುದು.

ಸಾಲನ್ನು ಒಡೆಯುವುದು

ಮೊದಲ ಸಂಖ್ಯೆ ರೂಟ್, ಅದಕ್ಕಿಂತ ದೊಡ್ಡದು ಮೊದಲು ಕಾಣುವ ಜಾಗದಲ್ಲಿ ಸಾಲನ್ನು ಎರಡು ಮಾಡಿ ಎರಡೂ ಕಡೆ ಇದನ್ನೇ ಮಾಡುವುದು. ಓದಲು ಎಲ್ಲಕ್ಕಿಂತ ಸುಲಭ, ಬೇರೆಯವರಿಗೆ ವಿವರಿಸಲೂ ಸುಲಭ. ಆದರೆ ಟ್ರೀ ಎಡಕ್ಕೇ ವಾಲಿದ್ದರೆ ದೊಡ್ಡ ಸಂಖ್ಯೆ ಸಿಗುವುದೇ ಇಲ್ಲ, ಪ್ರತಿ ಸಲವೂ ಕೊನೆಯವರೆಗೆ ಹುಡುಕಬೇಕು. ಮತ್ತದೇ n² ಖರ್ಚು. ರೂಟ್ ಆದಮೇಲೆ ಚಿಕ್ಕವೆಲ್ಲ ಒಟ್ಟಿಗೆ, ದೊಡ್ಡವೆಲ್ಲ ಒಟ್ಟಿಗೆ ಇರುವುದರಿಂದ ಒಡೆಯುವ ಜಾಗವನ್ನು ಬೈನರಿ ಸರ್ಚ್‌ನಲ್ಲೂ ಹುಡುಕಬಹುದು. ಆಗ ಎಂಥ ಟ್ರೀಗೂ ಖರ್ಚು O(n log n). ಆದರೆ ಪ್ರತಿ ಹಂತದಲ್ಲೂ `seq[1:k]` ಅಂತ ತುಂಡು ಕತ್ತರಿಸಿದರೆ ಆ ನಕಲಿನ ಖರ್ಚೇ n² ಆಗಬಹುದು. ಶುರು ಮತ್ತು ಕೊನೆಯ ಇಂಡೆಕ್ಸ್ ಮಾತ್ರ ಕಳಿಸಿ. ಈ ದಾರಿಯ ಒಂದೇ ದೊಡ್ಡ ಲಾಭ ಅಂದರೆ ಎರಡು ಭಾಗಗಳು ಒಂದಕ್ಕೊಂದು ಸಂಬಂಧವಿಲ್ಲದೆ ಕಟ್ಟಿಕೊಳ್ಳುತ್ತವೆ, ಬೇರೆ ಬೇರೆ ಥ್ರೆಡ್ಡಿಗೆ ಹಂಚಬಹುದು.

ಸಾಲನ್ನು ಸಾರ್ಟ್ ಮಾಡಿದರೆ ಇನಾರ್ಡರ್ ಸಿಗುತ್ತದೆ, ಎರಡನ್ನೂ ಸೇರಿಸಿ ಕಟ್ಟೋಣ ಅನ್ನುವವರೂ ಇದ್ದಾರೆ. ಆ ಫಂಕ್ಷನ್ ಈಗಾಗಲೇ ಬರೆದಿಟ್ಟಿದ್ದರೆ ಸರಿ. ಇಲ್ಲದಿದ್ದರೆ ಸುಮ್ನೆ ಜಾಸ್ತಿ ಕೆಲಸ.

ಮಿತಿ ಹಿಡಿದು ರಿಕರ್ಷನ್

ಇಲ್ಲಿ ಸಾಲನ್ನು ಒಡೆಯುವುದಿಲ್ಲ. ಒಂದೇ ಬೆರಳು ಎಡದಿಂದ ಬಲಕ್ಕೆ ಸಾಗುತ್ತದೆ. ಪ್ರತಿ ಕರೆಗೂ ಒಂದು ಕೆಳಮಿತಿ, ಒಂದು ಮೇಲ್ಮಿತಿ. ಬೆರಳಿನ ಕೆಳಗಿರುವ ಸಂಖ್ಯೆ ಆ ಮಿತಿಯೊಳಗಿದ್ದರೆ ಅದನ್ನು ನೋಡ್ ಮಾಡಿ ಮುಂದೆ ಹೋಗುವುದು, ಇಲ್ಲದಿದ್ದರೆ ಅಲ್ಲಿ ನಲ್ ಅಂತ ವಾಪಸಾಗುವುದು.

```python
def build(seq):
    i = 0
    def go(lo, hi):
        nonlocal i
        if i == len(seq) or not (lo <= seq[i] < hi):
            return None
        node = Node(seq[i])
        i += 1
        node.left = go(lo, node.val)
        node.right = go(node.val, hi)
        return node
    root = go(float('-inf'), float('inf'))
    if i != len(seq):
        raise ValueError(i)
    return root
```

ನಮ್ಮ ಸಾಲಿನಲ್ಲಿ 10 ಆದಮೇಲೆ ಏನಾಗುತ್ತದೆ ನೋಡಿ. ಬೆರಳು 32ರ ಮೇಲಿದೆ. 10ರ ಎಡಕ್ಕೆ 10ಕ್ಕಿಂತ ಚಿಕ್ಕದು ಬೇಕು, ಆಗಲ್ಲ. ಬಲಕ್ಕೆ 10ರಿಂದ 25ರೊಳಗಿನದು ಬೇಕು, ಅದೂ ಆಗಲ್ಲ. 25ಕ್ಕೆ ವಾಪಸ್ ಬಂದರೆ ಅದರ ಬಲಮಿತಿ 25ರಿಂದ 40. 32 ಅಲ್ಲಿ ಕೂತುಕೊಳ್ಳುತ್ತದೆ. ಹೀಗೆ ಪ್ರತಿ ನೋಡಿಗೂ ಪ್ರತಿ ನಲ್‌ಗೂ ಒಂದೊಂದು ಕರೆ, ಒಟ್ಟು 2n+1. ಏಳು ನೋಡಿಗೆ 15. ಟ್ರೀಯ ಆಕಾರ ಹೇಗಿದ್ದರೂ ಈ ಲೆಕ್ಕ ಬದಲಾಗುವುದಿಲ್ಲ.

ಈ ಕೋಡಿನ ಇನ್ನೂ ಚಿಕ್ಕ ರೂಪವೊಂದು ಎಲ್ಲೆಡೆ ಓಡಾಡುತ್ತಿದೆ. ಅದರಲ್ಲಿ ಕೆಳಮಿತಿ ಇಲ್ಲ, ಮೇಲ್ಮಿತಿ ಮಾತ್ರ. ಸರಿಯಾದ ಸಾಲಿಗೆ ಅದೂ ಸರಿಯಾದ ಉತ್ತರ ಕೊಡುತ್ತದೆ. ಆದರೆ ಕೊನೆಯ 75 ಕೆಟ್ಟು 20 ಆಯಿತು ಅಂದುಕೊಳ್ಳಿ. ಮೇಲ್ಮಿತಿ ಮಾತ್ರ ನೋಡುವ ಕೋಡ್ 20 ಅನ್ನುವುದು 60ಕ್ಕಿಂತ ಚಿಕ್ಕದು ಅಂತ ಅದನ್ನು 60ರ ಎಡಕ್ಕೆ ಕೂರಿಸುತ್ತದೆ. ಆಮೇಲೆ 20ನ್ನು ಹುಡುಕಿದರೆ 40ರಿಂದ ಎಡಕ್ಕೆ, 25ರಿಂದ ಎಡಕ್ಕೆ, 10ರಿಂದ ಬಲಕ್ಕೆ ಹೋಗಿ ಇಲ್ಲ ಅನ್ನುತ್ತದೆ. ಟ್ರೀಯಲ್ಲಿ 20 ಇದೆ, ಹುಡುಕಿದರೆ ಸಿಗಲ್ಲ. ಎಲ್ಲೂ ಎರರ್ ಬರಲಿಲ್ಲ. ಆ ರೂಪ ಎಲ್ಲ ಸಂಖ್ಯೆಗಳನ್ನೂ ನುಂಗಿಬಿಡುವುದರಿಂದ ಕೊನೆಯಲ್ಲಿ `i` ನೋಡಿದರೂ ಪ್ರಯೋಜನವಿಲ್ಲ.

ಮೇಲಿನ ಕೋಡಿನಲ್ಲಿ 60ರ ಎಡಮಿತಿ 40ರಿಂದ 60. 20 ಅಲ್ಲಿ ಹೊಂದುವುದಿಲ್ಲ, ಬಲಕ್ಕೂ ಹೊಂದುವುದಿಲ್ಲ. ಎಲ್ಲ ಕರೆಗಳೂ ವಾಪಸಾದಮೇಲೆ ಬೆರಳು ಏಳರ ಬದಲು ಆರರಲ್ಲೇ ನಿಂತಿರುತ್ತದೆ, ಎರರ್ ಬರುತ್ತದೆ. ಒಂದು ಪ್ಯಾರಾಮೀಟರ್ ಉಳಿಸಲು ಹೋಗಿ ಇಷ್ಟನ್ನು ಕಳೆದುಕೊಳ್ಳಬೇಕಾ? ಬೇಡ ಅಂತಲೇ ನನ್ನ ಅಭಿಪ್ರಾಯ.

ಈ ದಾರಿಯ ದೌರ್ಬಲ್ಯ ಆಳ. ಪೈಥಾನಿನಲ್ಲಿ ರಿಕರ್ಷನ್ ಮಿತಿ ಡೀಫಾಲ್ಟಾಗಿ 1000. ಅದಕ್ಕಿಂತ ಉದ್ದದ ಸರಪಳಿ ಬಂದರೆ `RecursionError`. ಮಿತಿ ಏರಿಸಬಹುದು ನಿಜ, ಆದರೆ ಎಷ್ಟಕ್ಕೆ ಏರಿಸಬೇಕು ಅನ್ನುವುದನ್ನು ಇನ್‌ಪುಟ್ ಕಳಿಸುವವರು ನಿರ್ಧರಿಸುತ್ತಾರೆ, ನೀವಲ್ಲ.

ಸ್ಟ್ಯಾಕ್ ಇಟ್ಟುಕೊಂಡು ಲೂಪ್

ಬಲಮಗು ಇನ್ನೂ ಬರಬಹುದಾದ ನೋಡ್‌ಗಳನ್ನು ಸ್ಟ್ಯಾಕಿನಲ್ಲಿ ಇಟ್ಟುಕೊಳ್ಳುತ್ತೇವೆ. ಹೊಸ ಸಂಖ್ಯೆ ಮೇಲಿರುವುದಕ್ಕಿಂತ ಚಿಕ್ಕದಾದರೆ ಅದರ ಎಡಮಗು. ಇಲ್ಲದಿದ್ದರೆ ತನಗಿಂತ ದೊಡ್ಡದಲ್ಲದ ಎಲ್ಲವನ್ನೂ ತೆಗೆಯುತ್ತಾ ಹೋಗಿ, ಕೊನೆಗೆ ತೆಗೆದದ್ದರ ಬಲಮಗು.

```python
def build(seq):
    if not seq:
        return None
    root = Node(seq[0])
    st, last = [root], None
    for v in seq[1:]:
        if last and v < last.val:
            raise ValueError(v)
        node = Node(v)
        if st and v < st[-1].val:
            st[-1].left = node
        else:
            while st and st[-1].val <= v:
                last = st.pop()
            last.right = node
        st.append(node)
    return root
```

ನಮ್ಮ ಸಾಲಿನಲ್ಲಿ 40, 25, 10 ಒಂದರ ಮೇಲೊಂದು ಸ್ಟ್ಯಾಕಿಗೆ ಬೀಳುತ್ತವೆ. 32 ಬಂದಾಗ 10 ಹೊರಗೆ, 25 ಹೊರಗೆ, 40 ದೊಡ್ಡದು ಅಂತ ಅಲ್ಲೇ ನಿಲ್ಲುತ್ತದೆ. ಕೊನೆಗೆ ಹೋದದ್ದು 25, ಅದರ ಬಲಕ್ಕೆ 32. ಆಮೇಲೆ 28 ಅನ್ನುವುದು 32ರ ಎಡಕ್ಕೆ. 60 ಬಂದಾಗ 28, 32, 40 ಮೂರೂ ಹೊರಗೆ, 40ರ ಬಲಕ್ಕೆ 60. ಪ್ರತಿ ನೋಡೂ ಒಂದು ಸಲ ಒಳಗೆ, ಹೆಚ್ಚೆಂದರೆ ಒಂದು ಸಲ ಹೊರಗೆ. ಹಾಗಾಗಿ `while` ಕಂಡು n² ಅಂತ ಹೆದರಬೇಕಿಲ್ಲ, ಒಟ್ಟು ಖರ್ಚು O(n).

`last` ಇಲ್ಲಿ ಎರಡು ಕೆಲಸ ಮಾಡುತ್ತದೆ. ಹೊರಗೆ ಹೋದ ನೋಡಿನ ಎಡಭಾಗ ಮುಗಿದಿರುವುದರಿಂದ ಅದಕ್ಕಿಂತ ಚಿಕ್ಕದು ಇನ್ನು ಬರುವಂತಿಲ್ಲ. ಕೆಟ್ಟ ಸಾಲಿನಲ್ಲಿ 60 ಆದಮೇಲೆ 20 ಬಂದರೆ `last` 40 ಆಗಿರುತ್ತದೆ, ಅಲ್ಲೇ ಎರರ್. ಇಡೀ ಸಾಲು ಮುಗಿಯುವವರೆಗೆ ಕಾಯಬೇಕಿಲ್ಲ, ಕೆಟ್ಟ ಸಂಖ್ಯೆ ಕಂಡ ಕಡೆಯೇ ಸಿಕ್ಕಿಬೀಳುತ್ತದೆ.

ಮೆಮೊರಿ ವಿಷಯದಲ್ಲಿ ಒಂದು ಸಣ್ಣ ಖುಷಿ ಇದೆ. ಬಲಕ್ಕೇ ವಾಲಿದ ಸರಪಳಿಯಲ್ಲಿ ರಿಕರ್ಷನ್ n ಆಳಕ್ಕೆ ಹೋಗುತ್ತದೆ, ಸ್ಟ್ಯಾಕಿನಲ್ಲಿ ಮಾತ್ರ ಯಾವಾಗಲೂ ಒಂದೇ ನೋಡ್ ಇರುತ್ತದೆ. ಎಡಕ್ಕೆ ವಾಲಿದ್ದರೆ ಇಲ್ಲೂ n ನೋಡ್ ಸೇರುತ್ತವೆ, ಆದರೆ ಅದು ಸಾದಾ ಲಿಸ್ಟ್, ಪ್ರೋಗ್ರಾಂ ಬೀಳುವುದಿಲ್ಲ. ಕೊರತೆ ಅಂದರೆ ಮೊದಲ ಸಲ ಓದುವವರಿಗೆ ಇದು ಯಾಕೆ ಸರಿ ಅಂತ ಹೊಳೆಯಲು ಸಮಯ ಬೇಕು. ಕೆಳಗೊಂದು ಎರಡು ಸಾಲಿನ ಕಾಮೆಂಟ್ ಹಾಕಿದರೆ ಸಹೋದ್ಯೋಗಿಗಳು ಬೈಯುವುದಿಲ್ಲ.

ಒಂದೇ ಕೀ ಎರಡು ಸಲ ಬಂದರೆ

ಸಮಾನ ಕೀ ಯಾವಾಗಲೂ ಬಲಕ್ಕೇ ಹೋಗುತ್ತದೆ ಅನ್ನುವ ನಿಯಮ ಟ್ರೀಯಲ್ಲಿ ಇದ್ದರೆ ಮೇಲಿನ ಎರಡೂ ಕೋಡ್ ಹಾಗೇ ನಡೆಯುತ್ತವೆ. ಸ್ಟ್ಯಾಕ್ ಕೋಡಿನ `<=` ಇರುವುದೇ ಅದಕ್ಕೆ. ಅಲ್ಲಿ `<` ಹಾಕಿದರೆ ಸಮಾನ ಕೀ ಬಂದಾಗ ಏನೂ ಹೊರಗೆ ಬರುವುದಿಲ್ಲ, `last` ಹಳೆಯ ನೋಡನ್ನೇ ಹಿಡಿದಿರುತ್ತದೆ, ಅದರ ಬಲಮಗುವನ್ನು ಅಳಿಸಿ ಅಲ್ಲಿ ಹೊಸದನ್ನು ಕೂರಿಸಿಬಿಡಬಹುದು.

ತಿರುಗಿಸಿ ಸಮತೂಕ ಮಾಡುವ ಟ್ರೀಗಳಲ್ಲಿ ಸಮಾನ ಕೀ ರೊಟೇಷನ್ ಆದಮೇಲೆ ಎಡಕ್ಕೂ ಬರಬಹುದು. ಆಗ ಯಾವ ಜಾಣತನವೂ ನಡೆಯುವುದಿಲ್ಲ. ಎಡಕ್ಕೆ 5 ಇರುವ 5, ಬಲಕ್ಕೆ 5 ಇರುವ 5, ಎರಡರ ಸಾಲೂ `5 5`. ಇಂಥ ಕಡೆ ನೋಡಿನಲ್ಲೇ ಎಷ್ಟು ಸಲ ಬಂದಿದೆ ಅಂತ ಲೆಕ್ಕ ಇಡಿ, ಇಲ್ಲಾ ನಲ್ ಗುರುತಿಗೆ ವಾಪಸ್ ಹೋಗಿ.

ಯಾರಿಗೆ ಯಾವುದು

ಟ್ರೀ ಕೆಲವು ನೂರು ನೋಡಿನೊಳಗೆ, ಸಾಲು ನಿಮ್ಮದೇ ಅಂದರೆ ಇನ್ಸರ್ಟ್ ಮಾಡಿ ಮುಗಿಸಿ. ಅಷ್ಟಕ್ಕೆ ಹೊಸ ಕೋಡ್ ಬರೆದು ಅದನ್ನು ಕಾಯುವುದು ಬೇಡ.

ಎವಿಎಲ್ ಥರದ ಸಮತೂಕದ ಟ್ರೀ ಆದರೆ ಎರಡೂ ಮಿತಿ ಇರುವ ರಿಕರ್ಷನ್ ಸಾಕು. ಆಳ 20-30 ದಾಟುವುದು ಅಪರೂಪ, ಕೋಡ್ ಓದಲು ಚೆನ್ನ. ಎವಿಎಲ್‌ನ ಎತ್ತರವನ್ನು ವಾಪಸ್ ಬರುವಾಗಲೇ ಲೆಕ್ಕ ಹಾಕಿಕೊಳ್ಳಬಹುದು. ರೆಡ್-ಬ್ಲ್ಯಾಕ್ ಟ್ರೀಯಲ್ಲಿ ಮಾತ್ರ ಬಣ್ಣವನ್ನು ಕೀ ಜೊತೆಗೇ ಒಂದು ಬಿಟ್‌ನಲ್ಲಿ ಬರೆದಿಡಿ, ಒಂದೇ ಆಕಾರಕ್ಕೆ ಒಂದಕ್ಕಿಂತ ಹೆಚ್ಚು ಬಗೆಯಲ್ಲಿ ಬಣ್ಣ ಹಾಕಲು ಸಾಧ್ಯ.

ಸಾಲು ಹೊರಗಿನಿಂದ ಬರುತ್ತದೆ, ಅಥವಾ ಟ್ರೀ ಎಷ್ಟು ವಾಲಿದೆಯೋ ಗೊತ್ತಿಲ್ಲ ಅಂದರೆ ಸ್ಟ್ಯಾಕ್, ಅದೂ `last` ತಪಾಸಣೆ ಮತ್ತು ಸಾಲಿನ ಮುಂದೆ ಬರೆದ ನೋಡ್‌ಗಳ ಲೆಕ್ಕದ ಜೊತೆ. ಒಂದನ್ನೇ ಆರಿಸು ಅಂದರೆ ನಾನು ಇದನ್ನೇ ಆರಿಸುತ್ತೇನೆ. ಆದರೆ ಬರೆಯುವ ಕಡೆಯೂ ರಿಕರ್ಷನ್ ಇಲ್ಲದಿರುವಂತೆ ನೋಡಿಕೊಳ್ಳಬೇಕು, ಇಲ್ಲದಿದ್ದರೆ ಓದುವ ಮೊದಲೇ ಬರೆಯುವವನು ಬಿದ್ದಿರುತ್ತಾನೆ. ಅಲ್ಲೂ ಒಂದು ಸ್ಟ್ಯಾಕ್ ಇಟ್ಟು, ಪ್ರತಿ ನೋಡಿನ ಬಲಮಗುವನ್ನು ಮೊದಲು, ಎಡಮಗುವನ್ನು ಆಮೇಲೆ ಹಾಕಿದರೆ ಎಡದ್ದು ಮೇಲಿರುವುದರಿಂದ ಪ್ರೀಆರ್ಡರ್ ತಾನಾಗಿ ಬರುತ್ತದೆ.

ಯಾವುದನ್ನು ಆರಿಸಿದರೂ ಟೆಸ್ಟಿನಲ್ಲಿ ಇವಿಷ್ಟು ಇರಲಿ: ಖಾಲಿ ಸಾಲು, ಒಂದೇ ನೋಡ್, ಹತ್ತು ಸಾವಿರ ನೋಡಿನ ಎಡ ಸರಪಳಿ ಮತ್ತು ಬಲ ಸರಪಳಿ, `9 100`, `5 5`, `2 3 1`. ಕೊನೆಯದಕ್ಕೆ ನಿಮ್ಮ ಕೋಡ್ ಎರರ್ ಕೊಡದೆ ಟ್ರೀ ಕೊಟ್ಟರೆ, ಕೆಟ್ಟ ಫೈಲ್ ಬಂದ ದಿನವೂ ಅದು ಹಾಗೇ ಮಾಡುತ್ತದೆ.